ಹೋಟೆಲಿನವರಿಗೆ ಮನೆ ಡಬ್ಬಿ: ಅಪ್ಪ, ಅಮ್ಮನ 50ನೇ ಮದುವೆ ದಿನದ ವಿಡಿಯೊ ಸ್ಕ್ರಿಪ್ಟ್

7 ಡಿಸೆಂಬರ್ 2025, ಭಾನುವಾರ. ಡೊಂಬಿವಿಲಿ. ಊಟಕ್ಕೆ ಮೊದಲು ಹಾಕುವುದು.

ನಿಖಿಲ್, ಎಡಿಟ್‌ಗೆ ಕೂರುವ ಮೊದಲು ಇದನ್ನು ಓದಿಕೋ. ಮಾತಿನ ಅಡಿಯಲ್ಲಿ ಹಾಡು ಬೇಡ, ಅಜ್ಜನಿಗೆ ಮೊದಲೇ ಕಿವಿ ಮಂದ. ಅಕ್ಷರ ದೊಡ್ಡದಿರಲಿ, ಕನ್ನಡದಲ್ಲೇ ಇರಲಿ. ಹಾರುವ ಹೃದಯ, ಉದುರುವ ಗುಲಾಬಿ ಯಾವುದೂ ಬೇಡ. ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದ್ದೇವೆ. ಆ ಪ್ರಶ್ನೆಯೇ ವಿಡಿಯೊದ ದಾರ.

ಶುರು

ಕಪ್ಪು ಪರದೆ. ಲೋಕಲ್ ಟ್ರೈನ್ ಬರುವ ಸದ್ದು. ನಿಧಾನವಾಗಿ ಮದುವೆ ಫೋಟೊ: ಅಪ್ಪ ನಗುತ್ತಿಲ್ಲ, ಅಮ್ಮ ನೆಲ ನೋಡುತ್ತಿದ್ದಾರೆ.

ಸತೀಶ (ಧ್ವನಿ ಮಾತ್ರ): 1975ರ ಡಿಸೆಂಬರ್ 7. ಆವತ್ತೂ ಭಾನುವಾರ. ಕುಂದಾಪುರದ ಹತ್ತಿರದ ನಮ್ಮೂರು ಆಗ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಅಪ್ಪ ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುತ್ತಿದ್ದರು. ಆರು ತಿಂಗಳ ನಂತರ ಅಮ್ಮ ಬೊಂಬಾಯಿಗೆ ಬಂದರು. ಕೊಂಕಣ ರೈಲು ಕನಸಲ್ಲೂ ಇರಲಿಲ್ಲ. ಬಸ್ಸು, ಘಾಟಿ, ವಾಂತಿ. ಮರುದಿನ ಬೆಳಿಗ್ಗೆಯೇ ಅಮ್ಮ ಡಬ್ಬಿ ಕಟ್ಟಿದರು. ಅಪ್ಪ ತಗೊಂಡು ಹೋದರು. 2014ರಲ್ಲಿ ಕೆಲಸ ಬಿಡುವವರೆಗೂ ತಗೊಂಡೇ ಹೋದರು.

ಪರದೆಯ ಮೇಲೆ: ಹೋಟೆಲಿನಲ್ಲಿ ಕೆಲಸ. ಕೆಲಸದವರಿಗೆ ಊಟ ಪುಕ್ಕಟೆ. ಮತ್ತೆ ಈ ಡಬ್ಬಿ ಯಾಕೆ?

ಶೋಭಾ, ದೊಡ್ಡ ಮಗಳು. ಪುಣೆಯ ಮನೆಯ ಬಾಲ್ಕನಿ.

"ಅಪ್ಪ, ಅಮ್ಮ, ಶುಭಾಶಯ. ನಾನು ದೊಡ್ಡವಳು, ನನಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ. ಅಪ್ಪನಿಗೆ ಹೋಟೆಲ್ ಊಟ ಆಗ್ತಿರಲಿಲ್ಲ, ಅಷ್ಟೇ. ಎದೆಯುರಿ. ಅಮ್ಮ, ನಿನಗೆ ನೆನಪುಂಟಾ, ಚಾಳಿನಲ್ಲಿ ನೀರು ನಾಲ್ಕು ಗಂಟೆಗೆ ಬರ್ತಿತ್ತು. ನೀನು ಪೀಪಾಯಿ ತುಂಬಿಸಿ, ಅಲ್ಲೇ ಸ್ಟವ್ ಹಚ್ಚುತ್ತಿದ್ದೆ. ನಾನು ನಿದ್ದೆಗಣ್ಣಲ್ಲಿ ತೆಂಗಿನಕಾಯಿ ತುರಿಯುತ್ತಿದ್ದೆ. ನನ್ನ ಬೆರಳಿನ ಗಾಯದ ಗುರುತು ಇನ್ನೂ ಇದೆ ನೋಡು. ಸತೀಶ ಮಾತ್ರ ಮಲಗಿಯೇ ಇರ್ತಿದ್ದ."

(ಕೊನೆಯ ಸಾಲು ತೆಗೆಯೋಣ ಅಂದೆ. ಶೋಭಕ್ಕ ಒಪ್ಪಲಿಲ್ಲ.)

ಅಳಿಯ, ಶೋಭಾಳ ಗಂಡ. ಏಳು ನಿಮಿಷ ಮಾತಾಡಿದ್ದಾರೆ. ಇಷ್ಟು ಸಾಕು:

"ಮಾವ, ಅತ್ತೆ, ನಮಸ್ಕಾರ. ನಿಮ್ಮ ಮಗಳನ್ನು ನೋಡಲು ಬಂದಾಗ ನೀವು ಹೋಟೆಲಿನಿಂದ ಏನೂ ತರಿಸಲಿಲ್ಲ. ಅತ್ತೆ ಮಾಡಿದ ಪತ್ರೊಡೆ ಕೊಟ್ಟಿರಿ. ನಾನು ಹುಡುಗಿಯನ್ನು ಒಪ್ಪಿದೆನೋ ಪತ್ರೊಡೆಯನ್ನೋ, ಇನ್ನೂ ಜಗಳ ನಡೀತಿದೆ."

ವಿದ್ಯಾ, ಚಿಕ್ಕ ಮಗಳು. ಮಡಗಾಂವ್. ಕಾರಿನಲ್ಲಿ ಕೂತು, ಕಣ್ಣು ಒರೆಸಿಕೊಳ್ಳುತ್ತಾ.

ಇವಳದ್ದನ್ನು ಕತ್ತರಿಸಬೇಡ. ಮಧ್ಯದ ಮೌನವೂ ಇರಲಿ.

"ನನಗೆ 2005ರ ಜುಲೈ 26 ಮಾತ್ರ ನೆನಪಾಗ್ತದೆ. ಆವತ್ತು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಅಂತ ಆಮೇಲೆ ಪೇಪರಲ್ಲಿ ಓದಿದ್ದು. ನಮಗೆ ಗೊತ್ತಿದ್ದದ್ದು ಲೋಕಲ್ ನಿಂತಿದೆ, ಫೋನ್ ಹತ್ತುತ್ತಿಲ್ಲ, ಅಪ್ಪ ಬಂದಿಲ್ಲ. ಅಮ್ಮ ಅಳಲಿಲ್ಲ. ರಾತ್ರಿಯಿಡೀ ಬಾಗಿಲ ಹತ್ತಿರ ಕೂತು ಬೀನ್ಸ್ ಸೋಸಿದಳು. ಮನೆಯಲ್ಲಿದ್ದ ಬೀನ್ಸ್ ಮುಗೀತು, ಪಕ್ಕದ ಮನೆಯವರದ್ದೂ ಸೋಸಿದಳು.

ಮರುದಿನ ಸಂಜೆ ಅಪ್ಪ ಬಂದ್ರು. ಹಳಿ ಹಿಡಿದು ನಡೆದು, ನಡುವೆ ಯಾವುದೋ ಲಾರಿ ಹತ್ತಿ. ಸೊಂಟದವರೆಗೆ ಕೆಸರು, ಕಾಲಲ್ಲಿ ಚಪ್ಪಲಿ ಇಲ್ಲ. ಕೈಯಲ್ಲಿ ಡಬ್ಬಿ. ಅಮ್ಮ ಎದ್ದು ಬಾಗಿಲಿಗೆ ಹೋದಳು. ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಕೇಳಿದ್ದು ಒಂದೇ ಮಾತು: 'ಮುಚ್ಚಳ ಎಲ್ಲಿ?'"

(ಮೌನ.)

"ಅಪ್ಪ ಹೇಳಿದ್ರು, 'ಕುರ್ಲಾದಲ್ಲಿ ತೇಲಿ ಹೋಯ್ತು ಮಾರಾಯ್ತಿ.' ಆಮೇಲೆ ಇಬ್ಬರೂ ನಗಲಿಕ್ಕೆ ಶುರು ಮಾಡಿದ್ರು. ನಿಲ್ಲಲೇ ಇಲ್ಲ. ನಾನು ಮಾತ್ರ ಅಳ್ತಾ ನಿಂತಿದ್ದೆ. ಡಬ್ಬಿ ಯಾಕೆ ಅಂತ ನನಗೆ ಗೊತ್ತಿಲ್ಲ ಸತೀಶಣ್ಣ. ಬೇರೆ ಯಾರನ್ನಾದ್ರೂ ಕೇಳು."

ಮಾಧುರಿ, ಸೊಸೆ. ಅಡುಗೆಮನೆ.

"ಅತ್ತೆ, ನಾನು ಈ ಮನೆಗೆ ಬಂದಾಗ ನನ್ನ ಕನ್ನಡ ಮರಾಠಿ ಥರ ಇತ್ತು, ನಿಮ್ಮ ಮರಾಠಿ ಕನ್ನಡ ಥರ. ತರಕಾರಿಯವನಿಗೆ ಇಬ್ಬರದ್ದೂ ಅರ್ಥ ಆಗ್ತಿರಲಿಲ್ಲ. ನನ್ನ ಉತ್ತರ: ಮಾವನಿಗೆ ನಿಮ್ಮ ಮೆಂತೆ ತಂಬುಳಿ ಬೇಕಿತ್ತು. ನಾನು ಇಪ್ಪತ್ತು ವರ್ಷದಿಂದ ಮಾಡ್ತಿದ್ದೇನೆ. ಇವತ್ತಿಗೂ ಮಾವ 'ಚೆನ್ನಾಗಿದೆ' ಅಂತಾರೆ, 'ಆದರೆ' ಅಂತಾರೆ, ಆಮೇಲೆ ಸುಮ್ನಾಗ್ತಾರೆ."

ಮೊಮ್ಮಕ್ಕಳು. ಬೇಗ ಬೇಗ.

ಅನನ್ಯಾ, 16: "ಅಜ್ಜ ಹೋಟೆಲ್ ಕಿಚನ್ ಒಳಗೆ ನೋಡಿದ್ದಾರೆ. ಅದಕ್ಕೇ."

ನಿಖಿಲ್, 22: "ಅಜ್ಜಿ, ನಿನ್ನ ಮೊಬೈಲಲ್ಲಿ ಲೊಕೇಶನ್ ಆನ್ ಮಾಡಿದ್ದು ನಾನೇ. ಸಾರಿ. ಐವತ್ತು ವರ್ಷದ ಶುಭಾಶಯ."

ಚಿನ್ನು, 5: "ಅಜ್ಜಿ ಅಜ್ಜನಿಗೆ ಬೈತಾಳೆ. ಅಜ್ಜ ಟಿವಿ ಜೋರು ಮಾಡ್ತಾನೆ. ಡಬ್ಬಿಯಲ್ಲಿ ಚಾಕಲೇಟ್ ಇತ್ತು." (ಇದು ಮೂರನೇ ಟೇಕ್. ಮೊದಲೆರಡರಲ್ಲಿ ಬರೀ ನಾಲಿಗೆ ತೋರಿಸಿದ್ದಾನೆ. ಅವನ್ನೂ ಸೇರಿಸು.)

ಕದ್ದು ಮಾಡಿದ ರೆಕಾರ್ಡಿಂಗ್

ಪರದೆ ಮತ್ತೆ ಕಪ್ಪು. ಧ್ವನಿ ಮಾತ್ರ. ಅಕ್ಷರಗಳು ಮಾತಿನ ಜೊತೆಯೇ ಮೂಡಲಿ. ಹಿಂದೆ ಪ್ರೆಶರ್ ಕುಕ್ಕರಿನ ಸೀಟಿ ಕೇಳುತ್ತದೆ, ತೆಗೆಯಬೇಡ.

ಅನನ್ಯಾ: ಅಜ್ಜ, ಸ್ಕೂಲ್ ಪ್ರಾಜೆಕ್ಟ್‌ಗೆ ಒಂದು ಪ್ರಶ್ನೆ. ಹೋಟೆಲಲ್ಲಿ ಊಟ ಸಿಗ್ತಿತ್ತಲ್ವಾ? ಡಬ್ಬಿ ಯಾಕೆ ತಗೊಂಡು ಹೋಗ್ತಿದ್ರಿ?

ಅಪ್ಪ: ಇದೆಂಥ ಪ್ರಾಜೆಕ್ಟ್?

ಅನನ್ಯಾ: ಹೇಳಿ ಅಜ್ಜ.

ಅಪ್ಪ: ಹೋಟೆಲ್ ಊಟ ಒಳ್ಳೇದೇ ಇತ್ತು. ಸಾಂಬಾರು ಅಂತೂ ನಿನ್ನ ಅಜ್ಜಿಯದ್ದಕ್ಕಿಂತ ಒಳ್ಳೇದು. ಹೇಳಬೇಡ ಅವಳಿಗೆ.

ಅನನ್ಯಾ: ಮತ್ತೆ?

ಅಪ್ಪ: ಅವಳು ಹೊಸದಾಗಿ ಬಂದಿದ್ದಳು. ಒಬ್ಬಳೇ ಇರ್ತಿದ್ದಳು. ಒಬ್ಬಳಿಗೋಸ್ಕರ ಅಡುಗೆ ಮಾಡಿಕೊಳ್ಳುವ ಜಾತಿಯೇ ಅಲ್ಲ ಅದು. ಒಂದು ಲೋಟ ಚಹಾ ಕುಡಿದು ಮಧ್ಯಾಹ್ನ ಕಳೆದುಬಿಡ್ತಾಳೆ. ನನಗೆ ಡಬ್ಬಿ ಬೇಕು ಅಂದ್ರೆ ಅನ್ನ, ಸಾರು ಮಾಡ್ತಾಳೆ. ಮಾಡಿದ ಮೇಲೆ ಉಣ್ತಾಳೆ. ಅಷ್ಟೇ.

(ಸೀಟಿ.)

ಅನನ್ಯಾ: ಅಜ್ಜಿಗೆ ಇದು ಗೊತ್ತಾ?

ಅಪ್ಪ: ಯಾಕೆ ಗೊತ್ತಾಗಬೇಕು? ನೀನು ಇಂಗ್ಲಿಷ್‌ನಲ್ಲಿ ಬರ್ಕೊ.

ಮೂರು ಸೆಕೆಂಡ್ ಏನೂ ಬೇಡ. ಬರೀ ಕಪ್ಪು.

ಕೊನೆ

ಡಬ್ಬಿಯ ಫೋಟೊ. ತಳದಲ್ಲಿ ಕೊರೆಸಿದ 7-12-75 ಕಾಣುವಂತೆ. ಅದರ ಮೇಲೆ ಇಪ್ಪತ್ತು ವರ್ಷದಿಂದ ಕೂತಿರುವ, ಸರಿಯಾಗಿ ಮುಚ್ಚದ ಬೇರೆ ಮುಚ್ಚಳ.

ಸತೀಶ (ಧ್ವನಿ): ಅಮ್ಮ, ಕುರ್ಲಾದಲ್ಲಿ ಹುಡುಕಿದೆ, ಸಿಗಲಿಲ್ಲ. ಭುಲೇಶ್ವರದಲ್ಲಿ ಅಳತೆ ಕೊಟ್ಟು ಮಾಡಿಸಿದೆ.

ವಿಡಿಯೊ ಬಂದ್. ಲೈಟ್ ತಕ್ಷಣ ಹಾಕಬೇಡಿ, ಅಮ್ಮನಿಗೆ ಸೆರಗು ಹುಡುಕಲು ಸ್ವಲ್ಪ ಸಮಯ ಬೇಕು. ಆಮೇಲೆ ಚಿನ್ನು ಡಬ್ಬಿ ಹಿಡಿದುಕೊಂಡು ನಡೆದು ಬರುತ್ತಾನೆ, ಓಡಬಾರದು. ಒಳಗೆ ಮೊಸರನ್ನ, ಮಿಡಿ ಉಪ್ಪಿನಕಾಯಿ. ಎರಡು ಚಮಚ ಇಡಲು ಮಾಧುರಿಗೆ ನೆನಪಿಸು.