ವಿಷಯ: ಕಾಡುಗೋಡಿ, ಬಾಗಲೂರು ಫ್ಲ್ಯಾಟ್‌ಗಳ ಬಾಡಿಗೆ ಮತ್ತು ಬೆಲೆ ಏರಿಕೆಯ ಲೆಕ್ಕ

ಸುಧಾ ಅವರೇ, ನಮಸ್ಕಾರ.

ಭಾನುವಾರ ನೋಡಿ ಬಂದ ಎರಡೂ ಫ್ಲ್ಯಾಟ್‌ಗಳ ಲೆಕ್ಕ ಹಾಕಿದ್ದೇನೆ. ನಿಮಗೆ ಬಾಗಲೂರಿನದು ಮನಸ್ಸಿಗೆ ಹಿಡಿಸಿದೆ ಎಂದು ಗೊತ್ತು. ನನ್ನ ಒಲವು ಕಾಡುಗೋಡಿಯ ಕಡೆಗಿದೆ.

ಕಾಡುಗೋಡಿಯ ಮಾಲೀಕರು 98 ಲಕ್ಷ ಕೇಳುತ್ತಿದ್ದಾರೆ. ಈಗಿರುವ ಬಾಡಿಗೆದಾರರು ನಿರ್ವಹಣಾ ಶುಲ್ಕವೂ ಸೇರಿ ತಿಂಗಳಿಗೆ 38,000 ರೂಪಾಯಿ ಕೊಡುತ್ತಿದ್ದಾರೆ. ದಲ್ಲಾಳಿ ಹೇಳಿದ ಶೇ 4.65ರ ಆದಾಯ ಇದರ ಮೇಲಿನದು. ಆದರೆ ನಿಮ್ಮ ಕೈಯಿಂದ ಹೋಗುವುದು 98 ಲಕ್ಷವಲ್ಲ. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ 2 ಆಗಿದೆ. ಮುದ್ರಾಂಕ ಶುಲ್ಕ, ಸೆಸ್ ಸೇರಿದರೆ ಶೇ 7.6. ಸಣ್ಣಪುಟ್ಟ ದುರಸ್ತಿಯೂ ಸೇರಿ ಒಟ್ಟು 1.07 ಕೋಟಿ. ವರ್ಷಕ್ಕೆ ಒಂದು ತಿಂಗಳು ಮನೆ ಖಾಲಿ ಎಂದಿಟ್ಟುಕೊಂಡು, ನಿರ್ವಹಣೆ, ಆಸ್ತಿ ತೆರಿಗೆ, ರಿಪೇರಿ ಕಳೆದರೆ ಉಳಿಯುವುದು 3.37 ಲಕ್ಷ, ಅಂದರೆ ಶೇ 3.15. ಬ್ಯಾಂಕ್ ಠೇವಣಿಯ ಬಡ್ಡಿಗಿಂತ ಕಡಿಮೆ ಎಂಬುದು ನಿಜ.

ಬಾಗಲೂರಿನದು ಇನ್ನೂ ಕಟ್ಟುತ್ತಿರುವ ಮನೆ. 82 ಲಕ್ಷದ ಮೇಲೆ ಶೇ 5 ಜಿಎಸ್‌ಟಿ, ನೋಂದಣಿ, ವಾರ್ಡ್‌ರೋಬ್, ಅಡುಗೆಮನೆ ಕೆಲಸ ಸೇರಿ 96.3 ಲಕ್ಷ ಮುಟ್ಟುತ್ತದೆ. ಕೀಲಿ ಕೈಗೆ ಬರಲು ಎರಡು ವರ್ಷ. ಅಲ್ಲಿಯವರೆಗೆ ಬಾಡಿಗೆ ಸೊನ್ನೆ. ದಲ್ಲಾಳಿ 35,000 ಬಾಡಿಗೆ ಎಂದರು. ಅದೇ ರಸ್ತೆಯ ಎರಡು ಅಪಾರ್ಟ್‌ಮೆಂಟ್‌ಗಳ ಕಾವಲುಗಾರರನ್ನು ವಿಚಾರಿಸಿದೆ: 25,000 ದಾಟಿಲ್ಲ. ಇಂಥ ವಿಷಯದಲ್ಲಿ ನಾನು ಕಾವಲುಗಾರರನ್ನೇ ನಂಬುತ್ತೇನೆ. ಆ ಲೆಕ್ಕದಲ್ಲಿ ಖರ್ಚು ಕಳೆದು 2.1 ಲಕ್ಷ, ಶೇ 2.2.

ಹಾಗಾದರೆ ಬಾಗಲೂರು ಬೆಲೆ ಏರಿಕೆಯ ಮೇಲೆಯೇ ನಿಲ್ಲಬೇಕು. ಕಾಡುಗೋಡಿಯ ಬೆಲೆ ವರ್ಷಕ್ಕೆ ಶೇ 5 ಏರುತ್ತದೆ ಎಂದು ಊಹಿಸೋಣ. ಬಾಡಿಗೆಯನ್ನೂ ಕೂಡಿಸಿದರೆ, ಎಂಟು ವರ್ಷದಲ್ಲಿ ಅದಕ್ಕೆ ಸರಿಸಮವಾಗಲು ಬಾಗಲೂರು ವರ್ಷಕ್ಕೆ ಸುಮಾರು ಶೇ 7 ಏರಬೇಕು. ವಿಮಾನ ನಿಲ್ದಾಣದ ಮೆಟ್ರೊ ಮಾರ್ಗ ಮುಗಿದರೆ ಅದು ಆಗಲೂಬಹುದು. ಆದರೆ ಬಿಲ್ಡರ್ ಹೇಳುತ್ತಿರುವ ಬೆಲೆಯಲ್ಲಿ ಆ ಮೆಟ್ರೊ ಈಗಾಗಲೇ ಓಡುತ್ತಿದೆ! ಕಾಡುಗೋಡಿಗೆ 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದವರೆಗೂ ನೇರ ರೈಲಿದೆ. ದೊಡ್ಡ ಜಿಗಿತ ಅಲ್ಲಿ ಮುಗಿದಿರಬಹುದು, ಬಾಡಿಗೆದಾರರಿಗಂತೂ ಬರವಿಲ್ಲ. ಮಾರುವಾಗಿನ ತೆರಿಗೆ ಎರಡಕ್ಕೂ ಒಂದೇ: ಎರಡು ವರ್ಷ ದಾಟಿದ ಮೇಲೆ ಲಾಭದ ಶೇ 12.5, ಹಣದುಬ್ಬರದ ವಿನಾಯಿತಿ ಇಲ್ಲ.

ಮುಂದಿನ ವರ್ಷ ನಿಮಗೆ ನಿವೃತ್ತಿ. ಎರಡು ವರ್ಷ ಬಾಡಿಗೆಯಿಲ್ಲದೆ ಕಾಯುವುದು ಆಗ ಹೊರೆಯಾಗುತ್ತದೆ. ಕಾಡುಗೋಡಿಯ ಕಟ್ಟಡಕ್ಕೆ ಹನ್ನೊಂದು ವರ್ಷವಾಗಿದೆ, ಲಿಫ್ಟ್ ಬದಲಿಸುವ ಖರ್ಚು ಬರಲಿದೆ. ಅದನ್ನೇ ಮುಂದಿಟ್ಟು 94 ಲಕ್ಷಕ್ಕೆ ಕೇಳೋಣ. 96ರ ಮೇಲೆ ಹೋದರೆ ಬಿಟ್ಟುಬಿಡಿ.

ಇ-ಖಾತಾ, ಋಣಭಾರ ಪತ್ರ ಮತ್ತು ಒಸಿ ಪ್ರತಿಗಳನ್ನು ವಕೀಲರು ನೋಡುವವರೆಗೆ ಯಾರಿಗೂ ಮುಂಗಡ ಕೊಡಬೇಡಿ. ಎರಡೂ ಕಡೆಯಿಂದ ನನಗೆ ಕಮಿಷನ್ ಇಲ್ಲ. ಗುರುವಾರ ಸಂಜೆ ಆರರ ನಂತರ ಕರೆ ಮಾಡುತ್ತೇನೆ. ಅಷ್ಟರಲ್ಲಿ ಯಜಮಾನರ ಜೊತೆಗೂ ಮಾತನಾಡಿರಿ.

ವಂದನೆಗಳೊಂದಿಗೆ,
ರಾಘವೇಂದ್ರ
ಹೂಡಿಕೆ ಸಲಹೆಗಾರ, ಬೆಂಗಳೂರು