ವಿಷಯ: ಜುಲೈ 6ಕ್ಕೆ ಕೆಲಸಕ್ಕೆ ಸೇರುವ ಮುಂಚೆ ಕೇಳಬೇಕಿದ್ದ ಕೆಲವು ಪ್ರಶ್ನೆಗಳು

ಸುಮಾ ಮೇಡಂ ಅವರಿಗೆ ನಮಸ್ಕಾರ.

ಆಫರ್ ಲೆಟರ್‌ಗೆ ಸಹಿ ಹಾಕಿ ಮೊನ್ನೆ ಮಂಗಳವಾರ ಕಳಿಸಿದ್ದೆ. ತಲುಪಿದೆ ಎಂದು ನೀವು ಅದೇ ಸಂಜೆ ಫೋನ್ ಮಾಡಿದ್ದು ತುಂಬಾ ಖುಷಿಯಾಯಿತು. ಏನೇ ಅನುಮಾನ ಇದ್ದರೂ ಮೇಲ್ ಹಾಕಿ, ಸಂಕೋಚ ಬೇಡ ಅಂದಿದ್ದಿರಿ. ಆ ಧೈರ್ಯದಿಂದ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ಬಿಡುವಾದಾಗ ನೋಡಿ.

ಇಷ್ಟೆಲ್ಲಾ ಮೊದಲೇ ಕೇಳುವುದಕ್ಕೆ ಒಂದು ಕಾರಣವಿದೆ. ಡಿಗ್ರಿ ಮುಗಿಸಿ ಮೊದಲ ಕೆಲಸಕ್ಕೆ ಸೇರಿದಾಗ ನಾನು ಏನನ್ನೂ ಕೇಳಿರಲಿಲ್ಲ. ಹೋದರೆ ನನಗೆ ಕಂಪ್ಯೂಟರ್ ಇರಲಿಲ್ಲ, ಲಾಗಿನ್ ಆಗಿರಲಿಲ್ಲ. ನಾಲ್ಕು ದಿನ ಬೇರೆಯವರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಸುಮ್ನೆ ಕೂತಿದ್ದೆ. ಕೆಲಸ ಮಾಡುವ ಹುಮ್ಮಸ್ಸಿನಲ್ಲಿ ಹೋದವರಿಗೆ ಆ ನಾಲ್ಕು ದಿನ ತುಂಬಾ ಕಷ್ಟ. ಈ ಸಲ ಮೊದಲ ದಿನದಿಂದಲೇ ಪಾಠಗಳ ಕೆಲಸಕ್ಕೆ ಕೈ ಹಾಕಬೇಕು ಅಂತ ಆಸೆ.

ಮೊದಲು ಕಾಗದಪತ್ರ. ಆಧಾರ್, ಪ್ಯಾನ್, ಎಸ್‌ಎಸ್‌ಎಲ್‌ಸಿ ಮತ್ತು ಬಿ.ಎಸ್‌ಸಿ. ಅಂಕಪಟ್ಟಿ, ರದ್ದು ಮಾಡಿದ ಚೆಕ್, ಹಿಂದಿನ ಮೂರು ತಿಂಗಳ ಸಂಬಳದ ಚೀಟಿ ಎಲ್ಲವೂ ಸಿದ್ಧವಾಗಿವೆ. ಮೂಲ ಪ್ರತಿಗಳನ್ನು ತಂದು ತೋರಿಸಬೇಕೋ, ಸ್ಕ್ಯಾನ್ ಮಾಡಿ ಮೊದಲೇ ಕಳಿಸಿದರೆ ಸಾಕೋ? ತೊಡಕು ಇರುವುದು ರಿಲೀವಿಂಗ್ ಲೆಟರ್‌ನಲ್ಲಿ. ಇಲ್ಲಿ ನನ್ನ ಕೊನೆಯ ದಿನ ಜೂನ್ 30, ಮಂಗಳವಾರ. ಲೆಟರ್ ಕೈಗೆ ಸಿಗಲು ಆಮೇಲೆ ಹತ್ತು ದಿನ ಬೇಕು ಎನ್ನುತ್ತಿದ್ದಾರೆ. ರಾಜೀನಾಮೆ ಒಪ್ಪಿಕೊಂಡ ಮೇಲ್ ನನ್ನ ಹತ್ತಿರ ಇದೆ. ಸದ್ಯಕ್ಕೆ ಅದು ನಡೆಯುತ್ತದೆಯೇ?

ಹೆಸರಿನ ವಿಷಯವನ್ನೂ ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಪಿಎಫ್‌ನಲ್ಲಿ ತೊಂದರೆಯಾಗಬಾರದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ನಾನು ವಿದ್ಯಾ ಎಂ. ಎಚ್. ಆಧಾರ್, ಪ್ಯಾನ್ ಮತ್ತು ಯುಎಎನ್‌ನಲ್ಲಿ ವಿದ್ಯಾ ಮಂಜುನಾಥ ಹೆಗಡೆ. ಆಫರ್ ಲೆಟರ್‌ನಲ್ಲಿ ಅಂಕಪಟ್ಟಿಯ ಹೆಸರು ಬಂದಿದೆ. ನಿಮ್ಮ ದಾಖಲೆಯಲ್ಲಿ ಆಧಾರ್‌ನಲ್ಲಿರುವಂತೆಯೇ ಬರೆಸಬಹುದೇ? ಯುಎಎನ್ ಮೊದಲೇ ಇರುವುದರಿಂದ ಹೊಸದು ಬೇಡ. ಫಾರಂ 11ರಲ್ಲಿ ಅದೇ ನಂಬರ್ ಬರೆಯುತ್ತೇನೆ. ಏಪ್ರಿಲ್‌ನಿಂದ ಜೂನ್‌ವರೆಗೆ ಇಲ್ಲಿ ಬಂದ ಸಂಬಳ ಮತ್ತು ಕಡಿತವಾದ ತೆರಿಗೆಯ ವಿವರವನ್ನು ಯಾರಿಗೆ ಕೊಡಬೇಕು ಎಂದೂ ತಿಳಿಸಿ.

ಇನ್ನು ಲ್ಯಾಪ್‌ಟಾಪ್. ಕೊರಿಯರ್‌ನಲ್ಲಿ ಕಳಿಸುವ ಯೋಚನೆ ಇದ್ದರೆ ದಯವಿಟ್ಟು ಬೇಡ, ಆಫೀಸಿಗೇ ಬಂದು ತೆಗೆದುಕೊಳ್ಳುತ್ತೇನೆ. ಈ ತಿಂಗಳ ಕೊನೆಗೆ ಶಿವಮೊಗ್ಗದ ರೂಮ್ ಖಾಲಿ ಮಾಡಿ ಸಾಗರಕ್ಕೆ, ಅಮ್ಮನ ಹತ್ತಿರ ಹೋಗುತ್ತಿದ್ದೇನೆ. ನಮ್ಮ ಮನೆ ಪೇಟೆಯಿಂದ ದೂರ. ಮಳೆಗಾಲದಲ್ಲಿ ಪಾರ್ಸೆಲ್ ಯಾವಾಗ ಬರುತ್ತದೆ ಅಂತ ಹೇಳೋಕಾಗಲ್ಲ.

ಆದರೆ ಲ್ಯಾಪ್‌ಟಾಪ್‌ಗಿಂತ ನನಗೆ ಮುಖ್ಯವಾಗಿರುವುದು ಅದರೊಳಗಿನ ಕನ್ನಡ. ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಐಟಿ ವಿಭಾಗದವರಿಗೆ ಈ ಭಾಗವನ್ನು ಹಾಗೇ ಕಳಿಸಿದರೂ ಸರಿ.

ನನ್ನ ಬೆರಳಿಗೆ ರೂಢಿಯಾಗಿರುವುದು ಕಗಪ ಕೀಲಿಮಣೆ, ನುಡಿಯಲ್ಲಿ ಬಳಸುತ್ತೇವಲ್ಲ, ಅದು. ವಿಂಡೋಸ್‌ನಲ್ಲಿ ಕನ್ನಡ ಸೇರಿಸಿದಾಗ ಸಿಗುವ ಇನ್‌ಸ್ಕ್ರಿಪ್ಟ್‌ನಲ್ಲಿ ನನ್ನ ವೇಗ ಅರ್ಧಕ್ಕೆ ಇಳಿಯುತ್ತದೆ. ಆಫೀಸಿನ ಲ್ಯಾಪ್‌ಟಾಪ್‌ಗಳಲ್ಲಿ ನಾವೇ ಏನನ್ನೂ ಹಾಕಿಕೊಳ್ಳುವಂತಿಲ್ಲ ಎಂದು ಸಂದರ್ಶನದ ದಿನ ಕೇಳಿದ ನೆನಪು. ಹಾಗಿದ್ದರೆ ಕಗಪ ಇರುವ ಯುನಿಕೋಡ್ ತಂತ್ರಾಂಶವನ್ನು ಮೊದಲೇ ಹಾಕಿಸಿಕೊಡಲು ಸಾಧ್ಯವೇ? ಅನುಮತಿಗೆ ಅರ್ಜಿ ಬೇಕಿದ್ದರೆ ಈಗಲೇ ಬರೆದು ಕಳಿಸುತ್ತೇನೆ.

ನಾನು ಈಗಿರುವ ಪತ್ರಿಕೆಯಲ್ಲಿ ಪುಟ ಕಟ್ಟುವುದು ಹಳೆಯ ನುಡಿ ಫಾಂಟ್‌ನಲ್ಲಿ. ಅದು ಯುನಿಕೋಡ್ ಅಲ್ಲ. ನಿಮ್ಮ ವಿಜ್ಞಾನ ಪಾಠಗಳು ಆ್ಯಪ್‌ನಲ್ಲಿ ಬರುವುದರಿಂದ ಎಲ್ಲವೂ ಯುನಿಕೋಡ್ ಇರಬೇಕು ಅಂದುಕೊಂಡಿದ್ದೇನೆ. ಆದರೆ ಹಳೆಯ ಪಾಠಗಳ ಕಡತ ಯಾವುದರಲ್ಲಿವೆ? ಪರಿವರ್ತಿಸಿದ ಪಠ್ಯದಲ್ಲಿ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೆಡುವುದನ್ನು ನಾನು ನೋಡಿದ್ದೇನೆ. ಇನ್ನೊಂದು, 'ರ‍್ಯಾಂಕ್' ಥರದ ಪದ. ಇದರಲ್ಲಿ ರ ಆದ ಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರ, U+200D, ಇರಬೇಕು. ಅದು ಬಿಟ್ಟುಹೋದರೆ ಪದ 'ರ್ಯಾಂಕ್' ಆಗುತ್ತದೆ. ಆರನೇ ಕ್ಲಾಸಿನ ಮಗು ಅದನ್ನು ಹೇಗೆ ಓದಬೇಕು, ಹೇಳಿ? ಇಂಥ ವಿಷಯಕ್ಕೆ ಸಂಪಾದಕೀಯ ತಂಡದಲ್ಲಿ ಬರಹದ ನಿಯಮ ಅಂತ ಒಂದು ಕಡತ ಇದ್ದರೆ ಮೊದಲೇ ಕಳಿಸುತ್ತೀರಾ? ಹೊರಗೆ ಕೊಡುವಂಥದ್ದಲ್ಲ ಅಂದರೆ ಬಂದ ಮೇಲೇ ಓದುತ್ತೇನೆ.

ಪ್ರೂಫ್ ನೋಡಲು ದೊಡ್ಡ ಮಾನಿಟರ್ ಕೊಡುತ್ತೀರಿ ಅಲ್ವಾ? ಹೆಡ್‌ಫೋನ್ ನನ್ನದೇ ಇದೆ.

ಮೊದಲ ವಾರದ ಬಗ್ಗೆ. ಸೋಮವಾರ ಎಷ್ಟು ಹೊತ್ತಿಗೆ ಬರಬೇಕು, ಗೇಟಿನಲ್ಲಿ ಯಾರ ಹೆಸರು ಹೇಳಬೇಕು? ಭಾನುವಾರ ಬೆಂಗಳೂರಿಗೆ ಬಂದು ನಾಗಸಂದ್ರದ ಚಿಕ್ಕಮ್ಮನ ಮನೆಯಲ್ಲಿ ಉಳಿಯುತ್ತೇನೆ. ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆಗೆ ಬಂದು, ಅಲ್ಲಿಂದ ಹಳದಿ ಮಾರ್ಗ ಹಿಡಿದು ಎಲೆಕ್ಟ್ರಾನಿಕ್ ಸಿಟಿಗೆ ಬರಬೇಕು. ಒಂದೂವರೆ ಗಂಟೆಗೂ ಜಾಸ್ತಿ ಹಿಡಿಯಬಹುದು. ಒಂಬತ್ತಕ್ಕೆ ಅಂದರೆ ಒಂಬತ್ತಕ್ಕೇ ಇರುತ್ತೇನೆ, ಸಮಯ ಮೊದಲೇ ಗೊತ್ತಿದ್ದರೆ ಸಾಕು. ವಾರದಲ್ಲಿ ಎರಡು ದಿನ ಮನೆಯಿಂದ ಕೆಲಸ ಎಂದು ಆಫರ್ ಲೆಟರ್‌ನಲ್ಲಿದೆ. ಅದು ಮೊದಲ ವಾರದಿಂದಲೇ ಅನ್ವಯಿಸುತ್ತದೆಯೇ? ನನ್ನ ಕೇಳಿದರೆ, ಮೊದಲ ತಿಂಗಳು ಪೂರ್ತಿ ಆಫೀಸಿಗೇ ಬರಲು ಇಷ್ಟ. ಚಿತ್ರ ಬರೆಯುವವರು, ದನಿ ಕೊಡುವವರು ಹೇಗೆ ಕೆಲಸ ಮಾಡುತ್ತಾರೆ ಅಂತ ಪಕ್ಕದಲ್ಲಿ ಕೂತು ನೋಡಬೇಕು.

ಒಂದು ಸ್ವಂತ ವಿಷಯ. ಬಾಡಿಗೆ ಮನೆ ಬೊಮ್ಮನಹಳ್ಳಿಯಲ್ಲಿ ಗೊತ್ತಾಗಿದೆ. ಈ ವರ್ಷ ಅಧಿಕ ಮಾಸ ಬಂದಿದ್ದರಿಂದ ಆಷಾಢ ಜುಲೈ ಮಧ್ಯಕ್ಕೆ ಶುರುವಾಗುತ್ತದೆ. ಅದರೊಳಗೆ ಹಾಲು ಉಕ್ಕಿಸಬೇಕು ಎಂದು ಅಮ್ಮ ಜುಲೈ 11ರ ಶನಿವಾರ ಹೇಳಿದ್ದಾರೆ. ಅದು ಎರಡನೇ ಶನಿವಾರ. ಅಂದು ರಜೆ ಇದೆಯೇ? ಇಲ್ಲದಿದ್ದರೆ ಭಾನುವಾರಕ್ಕೆ ಇಟ್ಟುಕೊಳ್ಳುತ್ತೇವೆ. ಸೇರಿದ ವಾರವೇ ರಜೆ ಕೇಳುವುದಿಲ್ಲ.

ಕೊನೆಯದು ಬಟ್ಟೆ. ಸಂದರ್ಶನಕ್ಕೆ ಬಂದಾಗ ಕೆಲವರು ಜೀನ್ಸ್, ಕೆಲವರು ಕಾಟನ್ ಸೀರೆ ಉಟ್ಟಿದ್ದನ್ನು ನೋಡಿದೆ. ದಿನಾ ಚೂಡಿದಾರ್ ಹಾಕಿಕೊಂಡು ಬಂದರೆ ಸರಿ ತಾನೆ? ಪಾಠಗಳನ್ನು ಮಕ್ಕಳ ಮುಂದೆ ಇಟ್ಟು ನೋಡಲು ಸರ್ಕಾರಿ ಶಾಲೆಗಳಿಗೆ ಹೋಗುತ್ತೀರಿ ಎಂದಿದ್ದಿರಿ. ಆ ದಿನಗಳಲ್ಲಿ ಐಡಿ ಕಾರ್ಡ್ ಜೊತೆ ಸಂಸ್ಥೆಯ ಟೀ ಶರ್ಟ್ ಹಾಕಬೇಕೇ? ಐಡಿ ಕಾರ್ಡ್‌ಗೆ ಫೋಟೊ ಇದರ ಜೊತೆಗೇ ಕಳಿಸಿದ್ದೇನೆ. ಹಿನ್ನೆಲೆ ಬಿಳಿ ಇದೆ, ಬೇರೆ ಬಣ್ಣ ಬೇಕಿದ್ದರೆ ಹೇಳಿ.

ಎಲ್ಲಕ್ಕೂ ಒಟ್ಟಿಗೇ ಉತ್ತರ ಬರೆಯಬೇಕು ಅಂತೇನಿಲ್ಲ. ರಿಲೀವಿಂಗ್ ಲೆಟರ್ ಮತ್ತು ಕೀಲಿಮಣೆಯ ವಿಷಯ ಮಾತ್ರ ಜೂನ್ 26ರ ಶುಕ್ರವಾರದೊಳಗೆ ತಿಳಿದರೆ ಒಳ್ಳೆಯದು. ಲೆಟರ್ ಬೇಗ ಕೊಡಿ ಎಂದು ಇಲ್ಲಿ ಕೇಳಲು ನನಗೂ ಎರಡು ದಿನ ಸಿಗುತ್ತದೆ. ಫೋನ್ ಮಾಡುವುದಾದರೆ ಮಧ್ಯಾಹ್ನ ಎರಡರ ಒಳಗೆ ಮಾಡಿ. ಮೂರರಿಂದ ರಾತ್ರಿ ಹನ್ನೊಂದರವರೆಗೆ ಡೆಸ್ಕ್‌ನಲ್ಲಿ ಇರುತ್ತೇನೆ, ಎತ್ತಲು ಆಗುವುದಿಲ್ಲ.

ವಂದನೆಗಳೊಂದಿಗೆ,
ವಿದ್ಯಾ ಮಂಜುನಾಥ ಹೆಗಡೆ
ಶಿವಮೊಗ್ಗ, 18 ಜೂನ್ 2026