ರಸಾಯನಶಾಸ್ತ್ರ ಲ್ಯಾಬ್: ಸುರಕ್ಷತೆಯ ಟಿಕ್ ಪಟ್ಟಿ

ಗೋಡೆ ಮೇಲಿದ್ದ ಉದ್ದನೆಯ ಪ್ಯಾರಾವನ್ನು ಬಿಡಿಸಿ ಈ ಪಟ್ಟಿ ಮಾಡಿದ್ದೇವೆ. ಅದರಲ್ಲಿದ್ದ ನಿಯಮ ಒಂದೂ ಬಿಟ್ಟಿಲ್ಲ. ಕನ್ನಡಕ ಹಾಕಿ ಅನ್ನುವ ಮಾತು ಅಲ್ಲಿ ಹನ್ನೊಂದನೇ ಸಾಲಿನಲ್ಲಿತ್ತು. ಅಲ್ಲಿಯವರೆಗೆ ಓದುವಷ್ಟರಲ್ಲಿ ಕೈಗೆ ಬೀಕರ್ ಬಂದಿರುತ್ತದೆ, ಅಲ್ವಾ? ಪ್ರತಿ ಪ್ರಯೋಗಕ್ಕೂ ಹೊಸ ಹಾಳೆ ತೆಗೆದುಕೊಳ್ಳಿ. ನೋಡದೆ ಸುಮ್ನೆ ಟಿಕ್ ಹಾಕಬೇಡಿ.

ಕೆಲಸಕ್ಕೆ ಮುಂಚೆ

☐ ಲ್ಯಾಬ್‌ನಲ್ಲಿ ನಾನೊಬ್ಬನೇ/ನಾನೊಬ್ಬಳೇ ಇಲ್ಲ.
☐ ಇವತ್ತು ಬಳಸುವ ಎಲ್ಲ ಕೆಮಿಕಲ್‌ಗಳ ಸುರಕ್ಷತಾ ಹಾಳೆ ಓದಿದ್ದೇನೆ.
☐ ಸೇಫ್ಟಿ ಕನ್ನಡಕ ಹಾಕಿದ್ದೇನೆ. ಓದುವ ಕನ್ನಡಕ ಸಾಲದು, ಪಕ್ಕದಿಂದ ಹನಿ ಒಳಗೆ ಸಿಡಿಯುತ್ತದೆ.
☐ ಕೋಟಿನ ಗುಂಡಿ ಹಾಕಿದೆ, ಕೂದಲು ಕಟ್ಟಿದೆ, ಶೂ ಪಾದವನ್ನು ಪೂರ್ತಿ ಮುಚ್ಚಿದೆ.
☐ ಗ್ಲೌಸ್‌ನಲ್ಲಿ ತೂತಿಲ್ಲ, ಗಾಜಿನ ಸಾಮಾನಿನಲ್ಲಿ ಬಿರುಕಿಲ್ಲ.
☐ ಕಣ್ಣು ತೊಳೆಯುವ ನಲ್ಲಿ, ಶವರ್, ಬೆಂಕಿ ಆರಿಸುವ ಸಿಲಿಂಡರ್ ಎಲ್ಲಿವೆ ಎಂದು ನೋಡಿದ್ದೇನೆ. ದಾರಿಗೆ ಸ್ಟೂಲ್, ಬ್ಯಾಗ್ ಅಡ್ಡ ಇಲ್ಲ.

ಕೆಲಸ ಮಾಡುವಾಗ

ಗ್ಲೌಸ್ ಹಾಕಿದ ಕೈಯಲ್ಲಿ ಪೆನ್ನು ಹಿಡಿಯಬೇಡಿ. ಈ ಭಾಗಕ್ಕೆ ಜೊತೆಯಲ್ಲಿರುವವರು ಟಿಕ್ ಹಾಕಲಿ.

☐ ನೀರಿಗೆ ಆಸಿಡ್ ಹಾಕುತ್ತಿದ್ದಾರೆ, ಆಸಿಡ್‌ಗೆ ನೀರಲ್ಲ. ನಿಧಾನವಾಗಿ, ಕಲಕುತ್ತಾ. ಸಾಂದ್ರ ಸಲ್ಫ್ಯೂರಿಕ್ ಆಸಿಡ್‌ಗೆ ನೀರು ಬಿದ್ದರೆ ಆ ಬಿಸಿಗೆ ನೀರು ಕುದಿದು, ಆಸಿಡ್ ಸಮೇತ ಮುಖಕ್ಕೆ ಎರಚುತ್ತದೆ.
☐ ಬಾಟಲಿಯ ಲೇಬಲ್ ಸುರಿಯುವ ಮುಂಚೆ ಇನ್ನೊಮ್ಮೆ ಓದಿದ್ದಾರೆ.
☐ ಹೊಗೆ, ಘಾಟು ಬರುವ ಕೆಲಸ ಫ್ಯೂಮ್ ಹುಡ್ ಒಳಗೇ ನಡೆಯುತ್ತಿದೆ. ಗಾಜಿನ ಬಾಗಿಲು ಇಳಿದಿದೆ, ತಲೆ ಹೊರಗಿದೆ.
☐ ಬರ್ನರ್ ಉರಿಯುವಾಗ ಹತ್ತಿರದಲ್ಲಿ ಅಸಿಟೋನ್, ಎಥನಾಲ್ ಇಲ್ಲ. ಮುಚ್ಚಳ ಹಾಕಿದ್ದರೂ ಬೇಡ.
☐ ಕಾಯಿಸುವ ಟೆಸ್ಟ್ ಟ್ಯೂಬ್‌ನ ಬಾಯಿ ಯಾರ ಕಡೆಗೂ ತಿರುಗಿಲ್ಲ.
☐ ಪಿಪೆಟ್‌ಗೆ ಬಲ್ಬ್ ಇದೆ. ಬಾಯಿಂದ ಎಳೆಯುತ್ತಿಲ್ಲ.
☐ ಅದೇ ಗ್ಲೌಸ್‌ನಲ್ಲಿ ಮೊಬೈಲ್, ಬಾಗಿಲಿನ ಹಿಡಿ ಮುಟ್ಟಿಲ್ಲ. ತಿಂಡಿ, ನೀರಿನ ಬಾಟಲಿ ಒಳಗೆ ಇಲ್ಲ.

ಕಣ್ಣಿಗೆ ಏನಾದರೂ ಬಿದ್ದರೆ ಪಟ್ಟಿ ಬಿಡಿ. ರೆಪ್ಪೆ ಬಿಡಿಸಿ ಹಿಡಿದು 15 ನಿಮಿಷ ನೀರಿನಲ್ಲಿ ತೊಳೆಯಿರಿ. ಅರ್ಧಕ್ಕೆ ಉರಿ ನಿಂತರೂ ನಿಲ್ಲಿಸಬೇಡಿ. ಜೊತೆಯವರು ಮೇಲ್ವಿಚಾರಕರನ್ನು ಕರೆಯಲಿ, ಆಮೇಲೆ ಡಾಕ್ಟರ್‌ಗೆ ತೋರಿಸಿ.

ಕೆಲಸ ಮುಗಿದ ಮೇಲೆ

☐ ಗ್ಯಾಸ್, ನೀರು, ಹೀಟರ್ ಬಂದ್ ಮಾಡಿದ್ದೇನೆ.
☐ ವೇಸ್ಟ್ ಅನ್ನು ಲೇಬಲ್ ಇರುವ ಅದರದೇ ಡಬ್ಬಕ್ಕೆ ಹಾಕಿದ್ದೇನೆ, ಸಿಂಕ್‌ಗೆ ಅಲ್ಲ.
☐ ನೈಟ್ರಿಕ್ ಆಸಿಡ್ ಇದ್ದ ವೇಸ್ಟನ್ನು ಅಸಿಟೋನ್, ಎಥನಾಲ್ ಡಬ್ಬಕ್ಕೆ ಸುರಿದಿಲ್ಲ. ಎರಡೂ ಸೇರಿದರೆ ಗ್ಯಾಸ್ ಎದ್ದು ಮುಚ್ಚಿದ ಡಬ್ಬ ಸಿಡಿಯಬಹುದು.
☐ ಒಡೆದ ಗಾಜನ್ನು ಗಾಜಿನ ಡಬ್ಬಕ್ಕೇ ಹಾಕಿದ್ದೇನೆ. ಕಸ ತೆಗೆಯುವವರ ಕೈಗೆ ಅದು ಚುಚ್ಚಬಾರದು.
☐ ಟೇಬಲ್ ಒರೆಸಿದ್ದೇನೆ, ಬಾಟಲಿಗಳನ್ನು ಜಾಗಕ್ಕೆ ಇಟ್ಟಿದ್ದೇನೆ.
☐ ಸ್ವಲ್ಪ ಚೆಲ್ಲಿದರೂ, ಸಣ್ಣ ಗಾಯ ಆದರೂ ರಿಜಿಸ್ಟರ್‌ನಲ್ಲಿ ಬರೆದಿದ್ದೇನೆ. ಬರೆದಿದ್ದಕ್ಕೆ ಯಾರೂ ಬೈಯುವುದಿಲ್ಲ.
☐ ಗ್ಲೌಸ್ ಒಳಮೈ ಹೊರಗೆ ಬರುವಂತೆ ಬಿಚ್ಚಿ ಬಿಸಾಕಿದ್ದೇನೆ, ಸೋಪು ಹಾಕಿ ಕೈ ತೊಳೆದಿದ್ದೇನೆ.
☐ ಕೋಟು ಇಲ್ಲೇ ಬಿಟ್ಟು ಹೊರಟಿದ್ದೇನೆ.